ಸಾವಿರಾರು ಓದದ ಮೇಲ್‌ಗಳ ಮುಂದೆ ಮೊದಲ ಸಲ ಕೂತವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಹಂತಗಳು ಜಿಮೇಲ್ ಇಟ್ಟುಕೊಂಡು ಬರೆದವು. ಹೆಚ್ಚಿನವರ ಕೈಯಲ್ಲಿರುವುದು ಅದೇ. ಬೇರೆಯದನ್ನು ಬಳಸುವವರಿಗೂ ಕೊನೆಯ ಕಡೆ ಒಂದು ಉತ್ತರ ಇದೆ.

ನನ್ನ ಇನ್‌ಬಾಕ್ಸ್‌ನಲ್ಲಿ ಆರೇಳು ಸಾವಿರ ಓದದ ಮೇಲ್ ಇವೆ. ಎಲ್ಲಿಂದ ಶುರು ಮಾಡಲಿ? ಹಳೆಯದರಿಂದಲೋ ಹೊಸದರಿಂದಲೋ?

ಎರಡರಿಂದಲೂ ಬೇಡ. ಮೊದಲು ರಾಶಿಯನ್ನು ಎರಡು ಭಾಗ ಮಾಡಿ. ಒಂದು ತಿಂಗಳಿಗಿಂತ ಹಳೆಯದು ಒಂದು ಕಡೆ, ಈ ತಿಂಗಳದ್ದು ಇನ್ನೊಂದು ಕಡೆ.

ಇವೆರಡೂ ಬೇರೆ ಬೇರೆ ಕೆಲಸ. ಹಳೆಯ ರಾಶಿಯನ್ನು ಒಂದೇ ಸಲ ಕೂತು ಬದಿಗೆ ಸರಿಸಬೇಕು. ಹೊಸದನ್ನು ದಿನಾ ಜರಡಿ ಹಿಡಿಯಬೇಕು. ಎರಡನ್ನೂ ಒಟ್ಟಿಗೆ ಹಿಡಿದವರು ಸಾಮಾನ್ಯವಾಗಿ ಮೂರನೇ ದಿನಕ್ಕೆ ಕೈಬಿಡುತ್ತಾರೆ. ಲೆಕ್ಕ ಹಾಕಿ ನೋಡಿ: ದಿನಕ್ಕೆ ನೂರು ಹಳೆಯ ಮೇಲ್ ನೋಡಿದರೂ ಆರು ಸಾವಿರಕ್ಕೆ ಎರಡು ತಿಂಗಳು ಬೇಕು. ಅಷ್ಟರಲ್ಲಿ ಹೊಸದು ಬಂದು ಬೀಳುತ್ತಲೇ ಇರುತ್ತದೆ.

ಹಳೆಯದನ್ನು ನೋಡದೆ ಸರಿಸಿದರೆ ಮುಖ್ಯವಾದದ್ದು ತಪ್ಪಿಹೋಗುವುದಿಲ್ವಾ?

ಅದಕ್ಕೇ ಡಿಲೀಟ್ ಮಾಡುವುದಲ್ಲ, ಆರ್ಕೈವ್ ಮಾಡುವುದು. ಆರ್ಕೈವ್ ಮಾಡಿದ ಮೇಲ್ ಇನ್‌ಬಾಕ್ಸ್‌ನಿಂದ ಮಾತ್ರ ಹೊರಗೆ ಹೋಗುತ್ತದೆ. `All Mail` ಒಳಗೆ ಹಾಗೇ ಇರುತ್ತದೆ, ಹುಡುಕಿದರೆ ಸಿಗುತ್ತದೆ. ಆ ಮೇಲ್‌ಗೆ ಯಾರಾದರೂ ಉತ್ತರ ಬರೆದರೆ ಇಡೀ ಸಂಭಾಷಣೆ ತಾನಾಗಿಯೇ ಇನ್‌ಬಾಕ್ಸ್‌ಗೆ ವಾಪಸ್ ಬರುತ್ತದೆ.

ಡಿಲೀಟ್ ಮಾಡಿದ್ದು ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ, ಆಮೇಲೆ ಪೂರ್ತಿ ಹೋಗುತ್ತದೆ. ಹಾಗಾಗಿ ನೋಡದೆ ಮಾಡುವ ಕೆಲಸಕ್ಕೆ ಆರ್ಕೈವ್, ನೋಡಿ ಮಾಡುವ ಕೆಲಸಕ್ಕೆ ಡಿಲೀಟ್. ಇದೊಂದು ಗೆರೆಯನ್ನು ಮೀರಬೇಡಿ.

ಸರಿ, ಆರು ಸಾವಿರವನ್ನು ಒಟ್ಟಿಗೆ ಆರ್ಕೈವ್ ಮಾಡುವುದು ಹೇಗೆ?

ಕಂಪ್ಯೂಟರ್‌ನಲ್ಲಿ, ಬ್ರೌಸರ್‌ನಲ್ಲಿ ಮಾಡಿ. ಫೋನಿನ ಆಪ್‌ನಲ್ಲಿ ಇಷ್ಟು ದೊಡ್ಡ ರಾಶಿ ಹಿಡಿಯಲು ಹೋದರೆ ಬೆರಳು ಸೋಲುತ್ತದೆ. ಹುಡುಕುವ ಪೆಟ್ಟಿಗೆಯಲ್ಲಿ ಹೀಗೆ ಬರೆಯಿರಿ:

```
in:inbox is:unread older_than:1m
```

ಇನ್‌ಬಾಕ್ಸ್‌ನಲ್ಲಿರುವ, ಓದದ, ಒಂದು ತಿಂಗಳಿಗಿಂತ ಹಳೆಯ ಮೇಲ್‌ಗಳೆಲ್ಲ ಬರುತ್ತವೆ. ಪಟ್ಟಿಯ ಮೇಲಿನ ಚೌಕಕ್ಕೆ ಟಿಕ್ ಹಾಕಿದರೆ ಆ ಪುಟದ್ದು ಮಾತ್ರ ಆಯ್ಕೆಯಾಗುತ್ತದೆ, ಸಾಮಾನ್ಯವಾಗಿ 50. ಅಲ್ಲೇ ಮೇಲೆ `Select all conversations that match this search` ಎಂಬ ಸಾಲು ಕಾಣುತ್ತದೆ. ಹೊಸಬರು ಇದನ್ನು ಗಮನಿಸದೆ ಐವತ್ತೈವತ್ತೇ ಸರಿಸುತ್ತಾ ಕೂರುತ್ತಾರೆ. ಅದನ್ನು ಒತ್ತಿ, ಆಮೇಲೆ ಆರ್ಕೈವ್ ಒತ್ತಿ. ಖಚಿತವೇ ಎಂದು ಒಮ್ಮೆ ಕೇಳುತ್ತದೆ. ರಾಶಿ ದೊಡ್ಡದಿದ್ದರೆ ಕೆಲವು ನಿಮಿಷ ಹಿಡಿಯುತ್ತದೆ. ಒಂದಷ್ಟು ಉಳಿದರೆ ಅದನ್ನೇ ಮತ್ತೊಮ್ಮೆ ಮಾಡಿ.

ಹುಡುಕಿದಾಗ ಎಷ್ಟು ಸಿಕ್ಕಿತು ಎನ್ನುವ ಜಾಗದಲ್ಲಿ ಸಂಖ್ಯೆಯ ಬದಲು `many` ಎಂದು ಬಂದರೆ ಗಾಬರಿ ಬೇಡ. ದೊಡ್ಡ ಹುಡುಕಾಟಕ್ಕೆ ಜಿಮೇಲ್ ಹಾಗೆಯೇ ತೋರಿಸುತ್ತದೆ.

ಆದರೂ ಮನಸ್ಸಿಗೆ ಸಮಾಧಾನ ಇಲ್ಲ. ಸರಿಸುವ ಮೊದಲು ಏನಾದರೂ ನೋಡಿಕೊಳ್ಳಬಹುದಾ?

ನೋಡಿಕೊಳ್ಳಿ, ಆದರೆ ಅರ್ಧ ಗಂಟೆ ಮಾತ್ರ. ಗಡಿಯಾರ ಇಟ್ಟುಕೊಳ್ಳಿ. ಎರಡು ಥರದ ಹುಡುಕಾಟ ಸಾಕು.

ಮೊದಲನೆಯದು ಮನುಷ್ಯರದ್ದು. ನಿಮ್ಮ ಬದುಕಿನಲ್ಲಿ ಮೇಲ್ ಬರೆಯುವ ಹತ್ತು ಜನರ ಹೆಸರು ಬರೆದುಕೊಳ್ಳಿ. ಮನೆಯವರು, ಮೇಲಧಿಕಾರಿ, ಮನೆ ಮಾಲೀಕರು, ಮಕ್ಕಳ ಶಿಕ್ಷಕರು, ಹೀಗೆ. ಒಬ್ಬೊಬ್ಬರ ವಿಳಾಸವನ್ನೂ `from:` ಮುಂದೆ ಹಾಕಿ `is:unread` ಸೇರಿಸಿ ಹುಡುಕಿ. ಎರಡನೆಯದು ಹಣ ಮತ್ತು ಗಡುವಿನದ್ದು:

```
is:unread older_than:1m subject:(invoice OR renewal OR expiry OR overdue)
```

ಸಿಕ್ಕಿದ್ದರಲ್ಲಿ ಇನ್ನೂ ಜೀವ ಇರುವುದಕ್ಕೆ ನಕ್ಷತ್ರ ಹಾಕಿ. ಆಮೇಲೆ ದೊಡ್ಡ ಹುಡುಕಾಟಕ್ಕೆ `-is:starred` ಸೇರಿಸಿದರೆ ನಕ್ಷತ್ರ ಹಾಕಿದವು ಇನ್‌ಬಾಕ್ಸ್‌ನಲ್ಲೇ ಉಳಿಯುತ್ತವೆ. ನಾನು ನೋಡಿದ ಮಟ್ಟಿಗೆ ಹೀಗೆ ಸಿಗುವುದು ಬೆರಳೆಣಿಕೆಯಷ್ಟು. ತಿಂಗಳುಗಟ್ಟಲೆ ಉತ್ತರ ಸಿಗದಿದ್ದರೆ, ನಿಜಕ್ಕೂ ಬೇಕಾದವರು ಅಷ್ಟರಲ್ಲಿ ಫೋನ್ ಮಾಡಿರುತ್ತಾರೆ, ಇಲ್ಲವೇ ಮತ್ತೆ ಬರೆದಿರುತ್ತಾರೆ.

ಆರ್ಕೈವ್ ಯಾಕೆ? ಡಿಲೀಟ್ ಮಾಡಿದರೆ ಕ್ಲೀನ್ ಆಗುತ್ತಲ್ಲ?

ನನಗೂ ಹಾಗೇ ಅನ್ನಿಸಿತ್ತು. ಒಮ್ಮೆ ಎರಡು ವರ್ಷಕ್ಕಿಂತ ಹಳೆಯದನ್ನೆಲ್ಲ ಹುಡುಕಿ ಒಟ್ಟಿಗೆ ಡಿಲೀಟ್ ಮಾಡಿದೆ. ಹನ್ನೆರಡು ದಿನದ ನಂತರ ಒಬ್ಬರು ಕೇಳಿದರು, "ಮೂರು ವಾರದ ಹಿಂದೆ ಕಳಿಸಿದ ಪತ್ರ ಏನಾಯ್ತು?" ಹುಡುಕಿದರೆ ಇಲ್ಲ. ಕಸದ ಬುಟ್ಟಿಯಲ್ಲಿ ಇತ್ತು.

ಆಗಿದ್ದು ಇಷ್ಟು. ಜಿಮೇಲ್ ಮೇಲ್‌ಗಳನ್ನು ಸಂಭಾಷಣೆಗಳಾಗಿ ಕಟ್ಟಿಡುತ್ತದೆ. ಒಂದು ಸಂಭಾಷಣೆಯ ಮೊದಲ ಮೇಲ್ ಎರಡು ವರ್ಷ ಹಳೆಯದಾಗಿದ್ದರೂ ಕೊನೆಯದು ಹೋದ ವಾರದ್ದಾಗಿರಬಹುದು. ಹಳೆಯ ಮೇಲ್ ಹುಡುಕಾಟಕ್ಕೆ ಸಿಕ್ಕಿತು ಎಂದರೆ ಇಡೀ ಸಂಭಾಷಣೆ ಆಯ್ಕೆಯಾಗುತ್ತದೆ, ಡಿಲೀಟ್ ಒತ್ತಿದರೆ ಪೂರ್ತಿಯಾಗಿ ಹೋಗುತ್ತದೆ. 30 ದಿನದೊಳಗೆ ಗೊತ್ತಾಯಿತು, ಬಚಾವಾದೆ. ಆರ್ಕೈವ್‌ನಲ್ಲಿ ಇದೇ ತಪ್ಪಾಗಿದ್ದರೆ ಒಂದು ಹುಡುಕಾಟದಲ್ಲಿ ಸರಿಹೋಗುತ್ತಿತ್ತು.

ಆರ್ಕೈವ್ ಮಾಡುತ್ತಾ ಹೋದರೆ ಜಾಗ ತುಂಬಿಬಿಡುತ್ತಲ್ಲ?

ಉಚಿತ ಗೂಗಲ್ ಖಾತೆಗೆ 15 ಜಿಬಿ. ಅದನ್ನು ಮೇಲ್, ಡ್ರೈವ್, ಫೋಟೋಸ್ ಮೂರೂ ಹಂಚಿಕೊಳ್ಳುತ್ತವೆ. ಬರೀ ಅಕ್ಷರದ ಮೇಲ್‌ಗಳು ಸಾವಿರಗಟ್ಟಲೆ ಇದ್ದರೂ ಹೆಚ್ಚು ಜಾಗ ತಿನ್ನುವುದಿಲ್ಲ, ತಿನ್ನುವುದು ಅಟ್ಯಾಚ್‌ಮೆಂಟ್. ಜಾಗದ ಎಚ್ಚರಿಕೆ ಬಂದ ದಿನ `larger:10M` ಎಂದು ಹುಡುಕಿ, ಕಣ್ಣಿಂದ ನೋಡಿ, ಬೇಡದ್ದನ್ನು ಡಿಲೀಟ್ ಮಾಡಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿ. ದಿನದ ಜರಡಿಗೆ ಇದನ್ನು ತಂದು ಸೇರಿಸಬೇಡಿ.

ದಿನಾ ಮಾಡುವ ಕೆಲಸ ಹೇಗಿರುತ್ತದೆ? ಒಂದು ಉದಾಹರಣೆ ಕೊಡಿ.

ನನ್ನ ಸ್ನೇಹಿತೆಯೊಬ್ಬಳ ಒಂದು ಬೆಳಗ್ಗೆ ಹೇಳುತ್ತೇನೆ. ಹಿಂದಿನ ವಾರ ಹಳೆಯ ರಾಶಿಯನ್ನು ಆರ್ಕೈವ್ ಮಾಡಿದ್ದಳು. ಈ ದಿನ ಹೊಸದಾಗಿ 38 ಮೇಲ್ ಬಂದಿದ್ದವು. ಇಟ್ಟುಕೊಂಡ ಸಮಯ 20 ನಿಮಿಷ.

ಮೊದಲ ಸುತ್ತಿನಲ್ಲಿ ಒಂದನ್ನೂ ತೆರೆಯಲಿಲ್ಲ. ಪಟ್ಟಿಯಲ್ಲಿ ಕಳಿಸಿದವರ ಹೆಸರು ಮತ್ತು ವಿಷಯದ ಸಾಲು ಮಾತ್ರ ನೋಡುತ್ತಾ ಬಂದಳು. ಜಾಹೀರಾತು, "ನಿಮ್ಮ ಪೋಸ್ಟ್ ಅನ್ನು ಯಾರೋ ನೋಡಿದ್ದಾರೆ" ಎನ್ನುವಂಥವು, ನಿನ್ನೆಯ ಲಾಗಿನ್ ಕೋಡ್‌ಗಳು. ಒಟ್ಟು 17. ಎಡಗಡೆಯ ಚೌಕಗಳಿಗೆ ಟಿಕ್ ಹಾಕುತ್ತಾ ಹೋಗಿ ಒಂದೇ ಸಲ ಡಿಲೀಟ್. ನಾಲ್ಕು ನಿಮಿಷ ಹಿಡಿಯಿತು.

ಎರಡನೇ ಸುತ್ತು, ಇಟ್ಟುಕೊಳ್ಳಬೇಕಾದ ಆದರೆ ಓದಬೇಕಿಲ್ಲದವು. ಕೊಂಡ ವಸ್ತುವಿನ ರಸೀದಿ, ಟಿಕೆಟ್ ಕಾಯ್ದಿರಿಸಿದ್ದರ ಖಾತ್ರಿ, ಬ್ಯಾಂಕಿನ ತಿಂಗಳ ಲೆಕ್ಕ. 9 ಇದ್ದವು. ತೆರೆಯದೆ ಆರ್ಕೈವ್. ಬೇಕಾದ ದಿನ ಹುಡುಕಿದರಾಯಿತು. ಎರಡು ನಿಮಿಷ.

ಈಗ ಉಳಿದದ್ದು 12. ಇವನ್ನು ಮಾತ್ರ ತೆರೆದಳು, ಮೇಲಿನಿಂದ ಕೆಳಕ್ಕೆ, ಯಾವುದನ್ನೂ ಹಾರಿಸದೆ. ನಾಲ್ಕು ಬರೀ ತಿಳಿದುಕೊಳ್ಳುವಂಥವು: ಓದಿದಳು, ಆರ್ಕೈವ್ ಮಾಡಿದಳು. ಮೂರಕ್ಕೆ ಒಂದೊಂದು ಸಾಲಿನ ಉತ್ತರ ಬೇಕಿತ್ತು. ಆ ಸುತ್ತಿನಲ್ಲಿ ಬರೆಯಲಿಲ್ಲ, ಇನ್‌ಬಾಕ್ಸ್‌ನಲ್ಲೇ ಬಿಟ್ಟಳು. ಐದು ದೊಡ್ಡ ಕೆಲಸದವು. ಅವಕ್ಕೆ ಒಂದೊಂದು ದಿನ ಕೊಟ್ಟು ಸ್ನೂಜ್ ಮಾಡಿದಳು, ಅಂದರೆ ಆ ದಿನ ವಾಪಸ್ ಬರುವ ಹಾಗೆ ಮುಂದೂಡಿದಳು. ಹತ್ತು ನಿಮಿಷ ಆಯಿತು. ಪಟ್ಟಿಯಲ್ಲಿ ಮೂರೇ ಮೂರು ಕಾಣುತ್ತಿದ್ದವು. ಉಳಿದ ನಾಲ್ಕು ನಿಮಿಷದಲ್ಲಿ ಆ ಮೂರಕ್ಕೂ ಉತ್ತರ ಬರೆದಳು.

ಎರಡು ನಿಮಿಷದ ಕೆಲಸವಾದರೆ ಆಗಲೇ ಮಾಡಿ ಮುಗಿಸಬೇಕು ಅಂತಾರಲ್ಲ?

ಅಭ್ಯಾಸ ಇರುವವರಿಗೆ ಅದು ಸರಿ. ಹೊಸಬರಿಗೆ ಬೇಡ ಅನ್ನುತ್ತೇನೆ. ಹನ್ನೆರಡು ಮೇಲ್‌ಗೆ ಎರಡೆರಡು ನಿಮಿಷ ಎಂದರೆ 24 ನಿಮಿಷ, ನಿಮ್ಮ ಸಮಯ ಅಲ್ಲೇ ಮುಗಿಯಿತು. ಅದೂ ಎರಡು ನಿಮಿಷ ಎಂದುಕೊಂಡದ್ದು ಎಂಟು ಆಗುತ್ತದೆ: ಫೈಲ್ ಹುಡುಕಬೇಕು, ತಾರೀಖು ನೋಡಬೇಕು. ಪಟ್ಟಿಯ ಕೆಳಗಿನ ಅರ್ಧವನ್ನು ನೀವು ನೋಡಿರುವುದೇ ಇಲ್ಲ. ಎಲ್ಲಕ್ಕಿಂತ ತುರ್ತಿನದು ಅಲ್ಲೇ ಇರಬಹುದು.

ಮೊದಲು ಎಲ್ಲವನ್ನೂ ಬೇರ್ಪಡಿಸಿ. ಉತ್ತರ ಆಮೇಲೆ.

ಓದಬೇಕೋ ಬೇಡವೋ ಅಂತ ತೀರ್ಮಾನಿಸುವುದೇ ಕಷ್ಟ. ಒಂದೊಂದಕ್ಕೂ ಯೋಚಿಸುತ್ತಾ ಕೂರುತ್ತೇನೆ.

"ಇದು ಮುಖ್ಯವಾ?" ಅಂತ ಕೇಳಿಕೊಂಡರೆ ಎಲ್ಲವೂ ಮುಖ್ಯವೇ ಅನ್ನಿಸುತ್ತದೆ. ಬೇರೆ ಪ್ರಶ್ನೆ ಕೇಳಿಕೊಳ್ಳಿ: "ಇದು ನನಗೆ ಬಂದೇ ಇರಲಿಲ್ಲ ಅಂದ್ಕೊಳ್ಳೋಣ. ಯಾರಿಗೆ ತೊಂದರೆ, ಯಾವಾಗ?"

ಯಾರಿಗೂ ಇಲ್ಲ ಎಂದಾದರೆ ಡಿಲೀಟ್. ತೊಂದರೆ ಇಲ್ಲ, ಆದರೆ ಮುಂದೆ ದಾಖಲೆ ಬೇಕಾಗಬಹುದು ಎಂದರೆ ಆರ್ಕೈವ್. ಒಬ್ಬ ವ್ಯಕ್ತಿ ಕಾಯುತ್ತಿದ್ದಾರೆ, ಅಥವಾ ಒಂದು ತಾರೀಖು ಇದೆ ಎಂದರೆ ಮಾತ್ರ ತೆರೆಯಿರಿ. ಐದು ಸೆಕೆಂಡಿನಲ್ಲಿ ಉತ್ತರ ಹೊಳೆಯದಿದ್ದರೂ ತೆರೆಯಿರಿ. ಅನುಮಾನ ಬಂದದ್ದನ್ನು ಡಿಲೀಟ್ ಮಾಡಬೇಡಿ.

ಒಂದು ಮಾತು. ಕೆಲವು ಸಂಸ್ಥೆಗಳ ವಿಷಯದ ಸಾಲು ಹುಷಾರಾಗಿ ಬರೆದಿರುತ್ತದೆ. "ಕೊನೆಯ ಅವಕಾಶ", "ಇಂದೇ ಮುಗಿಯುತ್ತದೆ". ಅವರ ಗಡುವು ಬೇರೆ, ನಿಮ್ಮ ಗಡುವು ಬೇರೆ, ಅಲ್ವಾ?

ಮುಂದೂಡುವುದು ಎಂದರೆ ಮತ್ತೆ "ಓದದ್ದು" ಅಂತ ಗುರುತು ಹಾಕಿ ಬಿಡುವುದೇ? ನಾನು ಹಾಗೇ ಮಾಡುತ್ತಿದ್ದೆ.

ಸಾವಿರಗಟ್ಟಲೆ ಮೇಲ್ ಸೇರಿದ್ದಕ್ಕೆ ಅದೇ ಒಂದು ಕಾರಣ ಇರಬಹುದು. ಹಾಗೆ ಮಾಡಿದರೆ ದಪ್ಪ ಅಕ್ಷರಕ್ಕೆ ಎರಡು ಅರ್ಥ ಬಂದುಬಿಡುತ್ತದೆ: ಇನ್ನೂ ನೋಡಿಲ್ಲ, ಮತ್ತು ನೋಡಿದ್ದೇನೆ ಆದರೆ ಮಾಡಿಲ್ಲ. ಮಾರನೇ ದಿನ ಪಟ್ಟಿ ನೋಡಿದಾಗ ಯಾವುದು ಯಾವುದು ಅಂತ ಗೊತ್ತಾಗದೆ ಮತ್ತೆ ಎಲ್ಲವನ್ನೂ ತೆರೆಯುತ್ತೀರಿ. ಫೋನಿನಲ್ಲಿ ಅಕಸ್ಮಾತ್ ಬೆರಳು ತಾಗಿದರೆ ಗುರುತೂ ಅಳಿಸಿಹೋಗುತ್ತದೆ.

ಸ್ನೂಜ್ ಬಳಸಿ. ಗಡಿಯಾರದ ಚಿತ್ರ ಇರುವ ಗುಂಡಿ. ದಿನ, ಹೊತ್ತು ಕೊಟ್ಟರೆ ಮೇಲ್ ಇನ್‌ಬಾಕ್ಸ್‌ನಿಂದ ಮಾಯವಾಗಿ ಆ ಹೊತ್ತಿಗೆ ಮತ್ತೆ ಮೇಲೆ ಬಂದು ನಿಲ್ಲುತ್ತದೆ. ಅಲ್ಲಿಯವರೆಗೆ ಅದು ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಯಾವುದೆಲ್ಲ ಮುಂದೂಡಿದ್ದೀರಿ ಎಂದು ನೋಡಲು:

```
in:snoozed
```

ದಿನ ಆರಿಸುವಾಗ ಸುಮ್ನೆ "ನಾಳೆ" ಒತ್ತಬೇಡಿ. ಆ ಕೆಲಸ ನಿಜಕ್ಕೂ ಮಾಡಬಹುದಾದ ದಿನ ಯಾವುದು? ಫಾರಂ ತುಂಬಲು ದಾಖಲೆ ಶನಿವಾರ ಕೈಗೆ ಬರುತ್ತದೆ ಎಂದರೆ ಭಾನುವಾರ ಬೆಳಗ್ಗೆಗೆ ಇಡಿ. ಗಡುವು ಹದಿನೈದನೇ ತಾರೀಖು ಎಂದರೆ ಹದಿನೈದಕ್ಕೆ ಇಡಬೇಡಿ, ಹನ್ನೊಂದಕ್ಕೆ ಇಡಿ.

ಸ್ನೂಜ್ ಮಾಡಿದ್ದು ವಾಪಸ್ ಬಂದಾಗ ಮತ್ತೆ ಸ್ನೂಜ್ ಮಾಡುತ್ತೇನೆ. ಇದು ಸರಿನಾ?

ಒಂದು ಸಲ ಪರವಾಗಿಲ್ಲ. ಮೂರನೇ ಸಲ ಅದೇ ಮೇಲ್ ಮುಖ ತೋರಿಸಿತು ಎಂದರೆ ಇನ್ನು ಮುಂದೂಡಬೇಡಿ. ಮೂರರಲ್ಲಿ ಒಂದು ಮಾಡಿ: ಈಗಲೇ ಕೂತು ಮುಗಿಸಿ. ಅಥವಾ "ಇದು ನನ್ನಿಂದ ಆಗುವುದಿಲ್ಲ" ಎಂದು ಎರಡು ಸಾಲು ಬರೆದು ಕಳಿಸಿ. ಅಥವಾ ಆರ್ಕೈವ್ ಮಾಡಿ ಮರೆತುಬಿಡಿ.

ಮೂರು ಸಲ ಮುಂದೂಡಿಸಿಕೊಂಡ ಮೇಲ್‌ಗಳನ್ನು ಗಮನಿಸಿದರೆ ಒಂದು ವಿಷಯ ಕಾಣುತ್ತದೆ. ಹೆಚ್ಚಿನವು ಕೆಲಸಗಳಲ್ಲ, "ಯಾವಾಗಾದರೂ ಓದೋಣ" ಎಂದುಕೊಂಡ ಲೇಖನ, ಸುದ್ದಿಪತ್ರಗಳು. ಅವಕ್ಕೆ ಸ್ನೂಜ್ ಬೇಡ. "ಬಿಡುವಿನ ಓದು" ಅಂತ ಒಂದು ಲೇಬಲ್ ಮಾಡಿ ಅಲ್ಲಿಗೆ ತಳ್ಳಿ. ಬಿಡುವಿದ್ದ ದಿನ ತೆರೆಯಿರಿ. ತೆರೆಯದಿದ್ದರೂ ನಷ್ಟ ಇಲ್ಲ.

ವ್ಯವಸ್ಥೆ ಹಳಿ ತಪ್ಪುತ್ತಿದೆಯಾ ಎಂದು ತಿಳಿಯುವುದೂ ಇಲ್ಲಿಂದಲೇ. ವಾರಕ್ಕೊಮ್ಮೆ `in:snoozed` ನೋಡಿ. ಹೋದ ವಾರ 14 ಇತ್ತು, ಈ ವಾರ 31 ಆಗಿದೆ ಎಂದರೆ ಇನ್‌ಬಾಕ್ಸ್ ಖಾಲಿ ಕಂಡರೂ ರಾಶಿ ಕಡಿಮೆಯಾಗಿಲ್ಲ. ಜಾಗ ಬದಲಾಯಿಸಿದೆ ಅಷ್ಟೆ.

ದಿನಾ ಅದೇ ಜಾಹೀರಾತುಗಳನ್ನು ಡಿಲೀಟ್ ಮಾಡಿ ಸಾಕಾಯಿತು. ನಿಲ್ಲಿಸುವುದು ಹೇಗೆ?

ಒಬ್ಬರ ಮೇಲ್ ಅನ್ನು ತೆರೆಯದೆ ಮೂರು ಸಲ ಡಿಲೀಟ್ ಮಾಡಿದಿರಿ ಎಂದರೆ ನಾಲ್ಕನೆಯದಕ್ಕೆ ಅನ್‌ಸಬ್‌ಸ್ಕ್ರೈಬ್ ಮಾಡಿ. ಜರಡಿ ಹಿಡಿಯುವ ಹೊತ್ತಲ್ಲಿ ದಿನಕ್ಕೆ ಒಂದೋ ಎರಡೋ ಸಾಕು. ಇಪ್ಪತ್ತನ್ನು ಒಂದೇ ದಿನ ಹಿಡಿದರೆ ಅವತ್ತಿನ ಮೇಲ್ ಹಾಗೇ ಉಳಿಯುತ್ತದೆ.

ಮೇಲ್‌ನ ಅಡಿಯಲ್ಲಿ ಸಣ್ಣ ಅಕ್ಷರದ ಲಿಂಕ್ ಹುಡುಕುತ್ತಾ ಹೋಗಬೇಕಿಲ್ಲ. ಕಳಿಸಿದವರ ಹೆಸರಿನ ಪಕ್ಕದಲ್ಲೇ ಜಿಮೇಲ್ `Unsubscribe` ತೋರಿಸಿದರೆ ಅದನ್ನೇ ಒತ್ತಿ. 2024ರಿಂದ ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸುವವರು ಪ್ರಚಾರದ ಮೇಲ್‌ಗಳಲ್ಲಿ ಒಂದೇ ಕ್ಲಿಕ್ಕಿನಲ್ಲಿ ಬಿಡಿಸಿಕೊಳ್ಳುವ ಅವಕಾಶ ಕೊಡಬೇಕು, ಎರಡು ದಿನದೊಳಗೆ ನಿಲ್ಲಿಸಬೇಕು ಎಂದು ಗೂಗಲ್ ನಿಯಮ ಮಾಡಿದೆ. ಹಾಗಾಗಿ ದೊಡ್ಡ ಕಂಪನಿಗಳ ವಿಷಯದಲ್ಲಿ ಇದು ಮೊದಲಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಯಾರು ಕಳಿಸಿದ್ದು ಅಂತಲೇ ಗೊತ್ತಿಲ್ಲದ ಮೇಲ್‌ಗೆ ಈ ಉಪಾಯ ಬೇಡ. ಅದರೊಳಗಿನ ಲಿಂಕ್ ಒತ್ತಿದರೆ "ಈ ವಿಳಾಸದಲ್ಲಿ ಯಾರೋ ಇದ್ದಾರೆ" ಎಂದು ನೀವೇ ಹೇಳಿದ ಹಾಗೆ. ಸ್ಪ್ಯಾಮ್ ಎಂದು ಗುರುತು ಹಾಕಿ ಮುಂದೆ ಹೋಗಿ.

ಫಿಲ್ಟರ್ ಹಾಕಿಬಿಟ್ಟರೆ ಎಲ್ಲ ತಾನಾಗಿಯೇ ಆಗುವುದಿಲ್ವಾ?

ಕೆಲವಕ್ಕೆ ಆಗುತ್ತದೆ. ರಸೀದಿ, ಬ್ಯಾಂಕ್ ಲೆಕ್ಕ ಥರದ, ಬೇಕು ಆದರೆ ನೋಡಬೇಕಿಲ್ಲ ಎನ್ನುವವಕ್ಕೆ `Skip the Inbox (Archive it)` ಫಿಲ್ಟರ್ ಹಾಕಿ. ಮೇಲಿನ ಉದಾಹರಣೆಯ ಎರಡನೇ ಸುತ್ತು ಹಾಗೇ ಕರಗುತ್ತದೆ.

ಆದರೆ ಮೊದಲ ವಾರ ಬೇಡ. ನಿಮಗೆ ಏನು ಬರುತ್ತದೆ ಎಂದೇ ಆಗ ಸರಿಯಾಗಿ ಗೊತ್ತಿರುವುದಿಲ್ಲ. ಫಿಲ್ಟರ್ ಅನ್ನು ಕಳಿಸುವವರ ವಿಳಾಸದ ಮೇಲೆ ಹಾಕಿ, ವಿಷಯದ ಪದದ ಮೇಲೆ ಹಾಕಬೇಡಿ. `offer` ಎಂಬ ಪದ ಇರುವುದನ್ನೆಲ್ಲ ಡಿಲೀಟ್ ಮಾಡು ಎಂದರೆ ಕೆಲಸ ಸಿಕ್ಕಿದ ಪತ್ರವೂ ಅದರ ಜೊತೆ ಹೋಗುತ್ತದೆ.

ಬೇಗ ಬೇಗ ನೋಡುವಾಗ ಮೋಸದ ಮೇಲ್‌ಗೆ ಸಿಕ್ಕಿಬೀಳುವ ಭಯ ಇದೆ.

ಭಯ ಸರಿಯಾದದ್ದೇ. ಮೋಸದ ಮೇಲ್ ಬದುಕುವುದೇ ಆತುರದ ಮೇಲೆ, ಜರಡಿ ಹಿಡಿಯುವವರೂ ಆತುರದಲ್ಲೇ ಇರುತ್ತಾರೆ. ಅದಕ್ಕೊಂದು ಕಟ್ಟುನಿಟ್ಟು: ಬೇರ್ಪಡಿಸುವ ಸುತ್ತುಗಳಲ್ಲಿ ಯಾವ ಲಿಂಕನ್ನೂ ಒತ್ತಬೇಡಿ, ಯಾವ ಅಟ್ಯಾಚ್‌ಮೆಂಟನ್ನೂ ತೆರೆಯಬೇಡಿ. "ನಿಮ್ಮ ಖಾತೆ ನಿಲ್ಲಿಸಲಾಗಿದೆ" ಎಂದು ಬಂದರೆ ಇನ್‌ಬಾಕ್ಸ್‌ನಲ್ಲೇ ಬಿಟ್ಟು ಮುಂದೆ ಹೋಗಿ. ಸುತ್ತು ಮುಗಿದ ಮೇಲೆ ಮೇಲ್‌ನ ಲಿಂಕ್ ಬಿಟ್ಟು, ಆ ಸಂಸ್ಥೆಯ ಆಪ್ ಅಥವಾ ನಿಮಗೆ ಗೊತ್ತಿರುವ ವಿಳಾಸದಿಂದ ಒಳಗೆ ಹೋಗಿ ನೋಡಿ.

ಕೆಲಸ ಬೇಗ ಆಗಲು ಏನಾದರೂ ಸೆಟ್ಟಿಂಗ್ ಇದೆಯಾ?

ಎರಡು. ಸೆಟ್ಟಿಂಗ್ಸ್‌ನಲ್ಲಿ `Keyboard shortcuts` ಆನ್ ಮಾಡಿದರೆ `e` ಒತ್ತಿದರೆ ಆರ್ಕೈವ್, `#` ಒತ್ತಿದರೆ ಡಿಲೀಟ್, `b` ಒತ್ತಿದರೆ ಸ್ನೂಜ್. ಇನ್ನೊಂದು `Auto-advance`, ಇದು `Advanced` ವಿಭಾಗದಲ್ಲಿದೆ. ಅದು ಇಲ್ಲದಿದ್ದರೆ ಪ್ರತಿ ಮೇಲ್ ಸರಿಸಿದ ಮೇಲೂ ಪಟ್ಟಿಗೆ ವಾಪಸ್ ಹೋಗುತ್ತೀರಿ, ಪಟ್ಟಿ ಕಂಡ ಕೂಡಲೇ ಸುಲಭದ್ದನ್ನು ಆರಿಸಿಕೊಳ್ಳುತ್ತೀರಿ. ಆನ್ ಮಾಡಿದರೆ ಮುಂದಿನ ಮೇಲ್ ನೇರ ಎದುರಿಗೆ ಬಂದು ನಿಲ್ಲುತ್ತದೆ, ತಪ್ಪಿಸಿಕೊಳ್ಳಲು ಆಗುವುದಿಲ್ಲ.

ದಿನಕ್ಕೆ ಎಷ್ಟು ಸಲ?

ಒಂದು ಸಲ ಪೂರ್ತಿ ಜರಡಿ. ಕೆಲಸದ ಮೇಲ್ ಜಾಸ್ತಿ ಇದ್ದರೆ ಮಧ್ಯಾಹ್ನ ಇನ್ನೊಂದು, ಹತ್ತು ನಿಮಿಷದ್ದು.

ನಾನು ಔಟ್‌ಲುಕ್ ಬಳಸುತ್ತೇನೆ.

ಕ್ರಮ ಅದೇ. ಆರ್ಕೈವ್ ಇದೆ, ಸ್ನೂಜ್ ಕೂಡ ಇದೆ. ಬ್ರೌಸರ್‌ನಲ್ಲಿ ತೆರೆದರೆ `Sweep` ಎಂಬ ಗುಂಡಿ ಸಿಗುತ್ತದೆ. ಒಬ್ಬರಿಂದ ಬಂದ ಮೇಲ್‌ಗಳಲ್ಲಿ ಇತ್ತೀಚಿನದನ್ನು ಮಾತ್ರ ಉಳಿಸು, ಅಥವಾ ಹತ್ತು ದಿನಕ್ಕಿಂತ ಹಳೆಯದನ್ನು ತೆಗೆಯುತ್ತಾ ಇರು ಎಂದು ಅದಕ್ಕೆ ಹೇಳಬಹುದು. ದಿನಾ ಬರುವ ಸುದ್ದಿಪತ್ರಗಳಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಜಿಮೇಲ್‌ನವರಿಗೆ ಇಂಥದ್ದೊಂದು ಇದ್ದಿದ್ದರೆ ಚೆನ್ನಾಗಿತ್ತು.

ಒಂದು ವಾರ ಮೇಲ್ ಮುಟ್ಟಲೇ ಇಲ್ಲ. ಮತ್ತೆ ಮುನ್ನೂರು ಸೇರಿವೆ. ಮೊದಲಿನಿಂದ ಶುರುವಾ?

ಬೇಡ. ಹುಡುಕುವ ಪೆಟ್ಟಿಗೆಗೆ ಹೋಗಿ:

```
in:inbox is:unread category:promotions
```

ಒಂದು ಸಲ ಕಣ್ಣಾಡಿಸಿ, ಒಟ್ಟಿಗೆ ಡಿಲೀಟ್ ಮಾಡಿ. ಸಾಮಾನ್ಯವಾಗಿ ಒಳ್ಳೆಯ ಪಾಲು ಇಲ್ಲೇ ಹೋಗುತ್ತದೆ. ಉಳಿದದ್ದರಲ್ಲಿ ಹೊಸದರಿಂದ ಹಳೆಯದಕ್ಕೆ ಇಳಿಯಿರಿ. ವಾರದ ಮೊದಲು ಕೇಳಿದ್ದನ್ನು ಅವರೇ ನಿನ್ನೆಯ ಮೇಲ್‌ನಲ್ಲಿ "ಬೇಡ, ಆಯ್ತು" ಅಂದಿರಬಹುದು. ಹಳೆಯದಕ್ಕೆ ಮೊದಲು ಉತ್ತರ ಬರೆದರೆ ಆ ಶ್ರಮ ದಂಡ. 20 ನಿಮಿಷಕ್ಕೆ ನಿಲ್ಲಿಸಿ, ಮಿಕ್ಕಿದ್ದು ನಾಳೆಯ ಸುತ್ತಿಗೆ.